ಬೋಣಿಗೆ ಮುಂಚೆ ಹೋಗಬಾರದು

ಜಿಎಸ್‌ಟಿ ಲೆಕ್ಕ ಬರೆದುಕೊಡುವ ಕೆಲಸ ಶುರು ಮಾಡಿದಾಗ ನನಗೆ ಗಿರಾಕಿ ಅಂತ ಒಬ್ಬರೂ ಇರಲಿಲ್ಲ. ಹನುಮಂತನಗರದ 50 ಅಡಿ ರಸ್ತೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಅಂಗಡಿ ಅಂಗಡಿ ಹತ್ತಿದೆ. "ಇನ್ನೂ ಬೋಣಿ ಆಗಿಲ್ಲ, ಆಮೇಲೆ ಬಾಮ್ಮ" ಅಂದರು. ಸರಿಯಾದ ಮಾತೇ. ಇನ್ನೂ ಒಂದು ರೂಪಾಯಿ ಗಲ್ಲಾಕ್ಕೆ ಬೀಳದ ಹೊತ್ತಲ್ಲಿ ನನ್ನ ಮಾತು ಯಾರಿಗೆ ಬೇಕು? ಸಂಜೆ ಆರರ ಮೇಲೆ ಕೌಂಟರ್ ಮುಂದೆ ನಿಲ್ಲಲೂ ಜಾಗವಿರಲ್ಲ. ಊಟ ಮುಗಿದು ವ್ಯಾಪಾರ ತಣ್ಣಗಿರುವ ಮೂರು ಗಂಟೆಯೇ ಸರಿ ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು.

ಮುಂದಿನ ತಿಂಗಳು 15ನೇ ತಾರೀಖು ಮೂರು ಗಂಟೆಗೆ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ತಾರೀಖನ್ನೂ ನೋಡಿಯೇ ಹೋಗಿದ್ದೆ. ಅಂಗಡಿಯವರು ಖರೀದಿಗೆ ಕಟ್ಟಿದ ತೆರಿಗೆಯಲ್ಲಿ ಎಷ್ಟು ವಾಪಸ್ ಹಿಡಿಯಬಹುದು ಅನ್ನುವ GSTR-2B ಪಟ್ಟಿ 14ಕ್ಕೆ ಬರುತ್ತದೆ. ಪ್ರತಿ ತಿಂಗಳೂ ರಿಟರ್ನ್ ಹಾಕುವವರು 20ರೊಳಗೆ GSTR-3B ಸಲ್ಲಿಸಬೇಕು. ನಡುವಿನ ಈ ಐದಾರು ದಿನದಲ್ಲಿ ತಾಳೆ ನೋಡಿದರೆ ಉಪಯೋಗ.

"ಕೆಲಸ ಕೊಡಿ ಅಂತ ಬಂದಿಲ್ಲ ಅಂಕಲ್. ಹೋದ ತಿಂಗಳ ಖರೀದಿ ಬಿಲ್ ಕೊಡಿ, ಇಲ್ಲೇ ಕೂತು ನೋಡ್ತೀನಿ" ಅಂದೆ. ಪಾಸ್‌ವರ್ಡ್ ಕೇಳಲಿಲ್ಲ. ಅವರೇ ಲಾಗಿನ್ ಆಗಿ ಪಟ್ಟಿ ತೆಗೆದುಕೊಟ್ಟರು. ತಂತಿಗೆ ಪೋಣಿಸಿದ್ದ ಬಿಲ್‌ಗಳನ್ನು ಬಿಚ್ಚಿ ಒಂದೊಂದಾಗಿ ಟಿಕ್ ಹಾಕಿದೆ. ಒಂದು ಬಿಲ್ ಪಟ್ಟಿಯಲ್ಲಿರಲಿಲ್ಲ. 18,000 ರೂಪಾಯಿಯ ವೈರು, ಶೇ. 18ರಂತೆ 3,240 ತೆರಿಗೆ. ಬಿಲ್ ತಿರುಗಿಸಿ ನೋಡಿದರೆ ಅಂಗಡಿಯ ಹೆಸರಿದೆ, ಅದರ ಜಿಎಸ್‌ಟಿ ನಂಬರೇ ಇಲ್ಲ. ಹೋಲ್‌ಸೇಲ್‌ನವರು ಅದನ್ನು ಸಾಮಾನ್ಯ ಗಿರಾಕಿಗೆ ಮಾರಿದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು.

"ಈ ತಿಂಗಳು ಇದನ್ನು ಹಿಡಿಯಬೇಡಿ. ಅವರು ಮುಂದಿನ ರಿಟರ್ನ್‌ನಲ್ಲಿ ಸರಿ ಮಾಡಿದರೆ ಆಮೇಲೆ ಸಿಗುತ್ತೆ" ಅಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೂ ಹೋಲ್‌ಸೇಲ್‌ನವರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

ಒಂದು ತಿಂಗಳು ನಾನು ಅತ್ತ ಹೋಗಲಿಲ್ಲ. ಹಿಂದೆ ಗೊತ್ತಿಲ್ಲದವರಿಗೆ ಸುಮ್ನೆ ಫೋನ್ ಮಾಡಿ ಸಾಕಾಗಿತ್ತು. ಅರ್ಧ ಮಾತಿಗೇ ಇಡುತ್ತಿದ್ದರು. ಈ ಸಲ ಹೇಳಲು ವಿಷಯ ಇತ್ತು. 14ನೇ ತಾರೀಖು ಸಂಜೆ ಫೋನ್ ಮಾಡಿ, "ಅಂಕಲ್, ಹೊಸ ಪಟ್ಟಿ ಬಂದಿರುತ್ತೆ, ಆ ವೈರ್ ಬಿಲ್ ಇದೆಯಾ ನೋಡಿ" ಅಂದೆ. ಲೈನ್‌ನಲ್ಲೇ ಇಟ್ಟುಕೊಂಡು ನೋಡಿದರು. "ಬಂದಿದೆ ಕಣಮ್ಮ! ನಾಳೆ ಬಂದು ಎಲ್ಲಾ ನೀನೇ ನೋಡ್ಕೊ."

ತಿಂಗಳಿಗೆ 1,000 ರೂಪಾಯಿ ಮಾತಾಯಿತು. ಬೇರೆ ಯಾರಿಗಾದರೂ ಹೇಳಿ ಅಂತ ಕೇಳಿದ್ದರೆ ಹೂಂ ಅಂದು ಮರೆತುಬಿಡುತ್ತಿದ್ದರೇನೋ. ಹಾಗಾಗಿ, "ಪಕ್ಕದ ಟೈಲ್ಸ್ ಅಂಗಡಿಯವರ ಬಿಲ್ ಒಂದ್ಸಲ ನೋಡ್ಲಾ?" ಅಂತ ಕೇಳಿದೆ. ಅವರು ಅಲ್ಲಿಂದಲೇ ಗೋಡೆಯಾಚೆಗೆ ಕೂಗಿದರು. ಟೈಲ್ಸ್ ಅಂಗಡಿಯವರು ಬಂದಾಗ ಕೈಯಲ್ಲಿ ಬಿಲ್ ತುಂಬಿದ ಸಿಹಿತಿಂಡಿ ಡಬ್ಬ ಇತ್ತು.