ಮೂರು ವರ್ಷ ಏಳು ತಿಂಗಳ ಖರ್ಚು

“ಮೂರು ತಿಂಗಳಿಗೊಮ್ಮೆ ಲೆಕ್ಕ ಬರೆದಿಡುತ್ತೀರಂತಲ್ಲ, ಈಗ ನೆಟ್‌ವರ್ತ್ ಎಷ್ಟಾಯಿತು? ಕೆಲಸ ಬಿಡುವ ಗುರಿ ಹತ್ತಿರ ಬಂತಾ?”

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಒಂದು ಮೊತ್ತ ಹೇಳಿಬಿಟ್ಟರೆ ಎರಡನೆಯದಕ್ಕೂ ಉತ್ತರ ಸಿಕ್ಕಿತೆಂದು ಕೇಳುವವರು ತಿಳಿಯುತ್ತಾರೆ. ನನಗೆ ಬೇಸರವಾಗುವುದು ಅಲ್ಲಿಯೇ. ಇರುವ ಆಸ್ತಿಯ ಮೌಲ್ಯದಿಂದ ಇರುವ ಸಾಲವನ್ನು ಕಳೆದರೆ ನೆಟ್‌ವರ್ತ್ ಸಿಗುತ್ತದೆ. ಇಂದೇ ಎಲ್ಲವನ್ನೂ ಮಾರಿ ಎಲ್ಲರ ಬಾಕಿಯನ್ನೂ ತೀರಿಸಿದರೆ ಕೈಯಲ್ಲಿ ಎಷ್ಟು ಉಳಿದೀತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸಂಬಳ ನಿಂತ ಮೇಲೆ ಸಂಸಾರ ಎಷ್ಟು ಕಾಲ ನಡೆದೀತು ಎಂಬುದು ಅದರಲ್ಲಿ ಕಾಣುವುದಿಲ್ಲ.

ಇದು ನನಗೆ ಮನವರಿಕೆಯಾದದ್ದು ಒಂದೇ ಒಂದು ತ್ರೈಮಾಸಿಕದಲ್ಲಿ. ಆ ಅವಧಿಯ ಆರಂಭದಲ್ಲಿ ನನ್ನ ಹಾಳೆಯಲ್ಲಿ ವಾಸದ ಮನೆ 60 ಲಕ್ಷ, ಹೂಡಿಕೆಗಳು 40 ಲಕ್ಷ, ವಾಹನ 5 ಲಕ್ಷ, ಗೃಹಸಾಲದ ಬಾಕಿ 22 ಲಕ್ಷ ಎಂದಿತ್ತು. ನಿವ್ವಳ 83 ಲಕ್ಷ. ಮೂರು ತಿಂಗಳ ನಂತರ ಅದು 90.8 ಲಕ್ಷಕ್ಕೆ ಏರಿತು. ಶೇ 9ಕ್ಕೂ ಹೆಚ್ಚಿನ ಏರಿಕೆ! ವಿಷಯ ತಿಳಿದ ಸಹೋದ್ಯೋಗಿಯೊಬ್ಬರು, “ಹೀಗೇ ಹೋದರೆ ಇನ್ನು ಕೆಲವೇ ವರ್ಷಗಳಲ್ಲಿ ಕೆಲಸ ಬಿಡಬಹುದು ಬಿಡಿ” ಎಂದು ಮನಸಾರೆ ಅಭಿನಂದಿಸಿದರು. ನಾನೂ ಹಾಗೆಯೇ ನಂಬಿದ್ದೆ. ಅಂದು ರಾತ್ರಿ ಆ ಏರಿಕೆ ಎಲ್ಲಿಂದ ಬಂತೆಂದು ಒಂದೊಂದೇ ಸಾಲನ್ನು ಬಿಡಿಸಿ ನೋಡಿದೆ.

ಏರಿದ 7.8 ಲಕ್ಷದಲ್ಲಿ 6 ಲಕ್ಷ ಮನೆಯದಾಗಿತ್ತು. ಪಕ್ಕದ ಮನೆ ಒಳ್ಳೆಯ ಬೆಲೆಗೆ ಮಾರಾಟವಾದುದನ್ನು ಕೇಳಿ, ನಮ್ಮ ಮನೆಯ ಸಾಲಿನಲ್ಲಿ 60 ಎಂದಿದ್ದುದನ್ನು ನಾನೇ 66 ಎಂದು ತಿದ್ದಿದ್ದೆ. ನಾವು ವಾಸವಿರುವ ಮನೆ ಅದು. ಅದನ್ನು ಮಾರಿದರೆ ಇನ್ನೊಂದು ಮನೆಯನ್ನು ಅದೇ ಏರಿದ ಬೆಲೆಗೆ ಕೊಳ್ಳಬೇಕು. ಸಾಲದ ಅಸಲಿನಲ್ಲಿ 60 ಸಾವಿರ ತೀರಿತ್ತು. ಹೂಡಿಕೆ 41.2 ಲಕ್ಷಕ್ಕೆ ಬಂದಿತ್ತು. ಅಂದರೆ ಅಲ್ಲಿ ಏರಿಕೆ 1.2 ಲಕ್ಷ, ಆದರೆ ಆ ಮೂರು ತಿಂಗಳಲ್ಲಿ ಸಂಬಳದಿಂದ ನಾನು ಹಾಕಿದ್ದೇ 1.5 ಲಕ್ಷವಾದ್ದರಿಂದ ಮಾರುಕಟ್ಟೆ 30 ಸಾವಿರವನ್ನು ಕಳೆದಿತ್ತು.

ಅದಾದ ಮೇಲೆ ಖರ್ಚಿನ ಪುಟವನ್ನು ತೆರೆದೆ. ಹಿಂದಿನ 12 ತಿಂಗಳುಗಳ ಖರ್ಚು, ಸಾಲದ ಕಂತನ್ನು ಬಿಟ್ಟು, 5 ಲಕ್ಷದಿಂದ 5.5 ಲಕ್ಷಕ್ಕೆ ಏರಿತ್ತು. ಮನೆಯವರೊಬ್ಬರ ಚಿಕಿತ್ಸೆ ಆರಂಭವಾಗಿತ್ತು, ಆರೋಗ್ಯ ವಿಮೆಯ ಕಂತು ಹೆಚ್ಚಿತ್ತು. ಹೂಡಿಕೆಯಿಂದ ಸಾಲದ ಬಾಕಿಯನ್ನು ಕಳೆದು, ಉಳಿದುದನ್ನು ವರ್ಷದ ಖರ್ಚಿನಿಂದ ಭಾಗಿಸಿದೆ. ಮೂರು ತಿಂಗಳ ಹಿಂದೆ 18 ಲಕ್ಷವನ್ನು 5ರಿಂದ ಭಾಗಿಸಿದರೆ 3.6 ವರ್ಷ ಬರುತ್ತಿತ್ತು. ಈಗ 19.8 ಲಕ್ಷವನ್ನು 5.5ರಿಂದ ಭಾಗಿಸಿದರೂ 3.6 ವರ್ಷವೇ. ನೆಟ್‌ವರ್ತ್ ಏಳೂ ಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ಜಿಗಿದಿದ್ದರೂ ನಮ್ಮ ಬಳಿ ಇದ್ದದ್ದು ಅದೇ ಮೂರು ವರ್ಷ ಏಳು ತಿಂಗಳ ಖರ್ಚಿಗಾಗುವಷ್ಟು ಹಣ.

ಗುರಿಯ ಕಡೆಯಿಂದ ನೋಡಿದರೆ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ವರ್ಷದ ಖರ್ಚಿನ 25 ಪಟ್ಟು ಎಂಬ ಲೆಕ್ಕವನ್ನು ಹಿಡಿದರೆ ಗುರಿಯೇ 125 ಲಕ್ಷದಿಂದ 137.5 ಲಕ್ಷಕ್ಕೆ ಸರಿದಿತ್ತು. ಅದರಿಂದ ಸಾಲ ಕಳೆದು ಉಳಿದ ಹೂಡಿಕೆಯನ್ನು ತೆಗೆದರೆ, ನಡೆಯಬೇಕಾದ ದಾರಿ 107 ಲಕ್ಷವಿದ್ದದ್ದು 117.7 ಲಕ್ಷವಾಗಿತ್ತು. ಅಭಿನಂದನೆ ಸ್ವೀಕರಿಸಿದ ದಿನವೇ ನಾನು ಗುರಿಯಿಂದ 10.7 ಲಕ್ಷದಷ್ಟು ದೂರ ಸರಿದಿದ್ದೆ.

ಈ 25 ಪಟ್ಟಿನ ಬಗ್ಗೆ ಒಂದು ಮಾತು. 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು ಅಮೆರಿಕದ ಷೇರು ಮತ್ತು ಬಾಂಡ್‌ಗಳ ಹಳೆಯ ಲೆಕ್ಕಗಳನ್ನು ಪರಿಶೀಲಿಸಿ, ಕೂಡಿಟ್ಟ ಹಣದಲ್ಲಿ ಮೊದಲ ವರ್ಷ ಶೇ 4ರಷ್ಟು ತೆಗೆದು ಆಮೇಲೆ ಪ್ರತಿವರ್ಷ ಹಣದುಬ್ಬರದಷ್ಟು ಹೆಚ್ಚಿಸಿಕೊಂಡರೂ ಹಣ 30 ವರ್ಷ ಬಾಳಿಕೆ ಬರುತ್ತಿತ್ತು ಎಂದು ತೋರಿಸಿದರು. ನೂರನ್ನು ಆ 4ರಿಂದ ಭಾಗಿಸಿದರೆ 25 ಪಟ್ಟು. ಅದು ಒಂದು ದೇಶದ ಇತಿಹಾಸ, 30 ವರ್ಷಗಳ ಅವಧಿ. ನಲವತ್ತನೆಯ ವಯಸ್ಸಿನಲ್ಲೇ ಕೆಲಸ ಬಿಡುವವರಿಗೆ ಐವತ್ತು ವರ್ಷಗಳ ಬದುಕು ಮುಂದಿರಬಹುದು. ಅವರು ಇದಕ್ಕಿಂತ ಹೆಚ್ಚಿನ ಪಟ್ಟನ್ನೇ ಹಿಡಿಯಬೇಕು. ಹೂಡಿಕೆ ಮಾರುವಾಗ ಕೊಡಬೇಕಾದ ತೆರಿಗೆಯನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು.

ಸಾಲದ ಕಂತನ್ನು ಖರ್ಚಿನಿಂದ ಏಕೆ ತೆಗೆದಿರಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಕಂತು ಒಂದು ದಿನ ಮುಗಿಯುವಂಥದ್ದು. ವರ್ಷಕ್ಕೆ 4 ಲಕ್ಷದ ಕಂತನ್ನು 25ರಿಂದ ಗುಣಿಸಿದರೆ 100 ಲಕ್ಷ ಬೇಕೆಂದಾಗುತ್ತದೆ, ತೀರಿಸಬೇಕಾದುದು 22 ಲಕ್ಷವಾಗಿದ್ದರೂ ಸಹ. ಆದುದರಿಂದ ಬಾಕಿಯನ್ನು ಹೂಡಿಕೆಯಿಂದ ಕಳೆಯುತ್ತೇನೆ, ಕಂತನ್ನು ಖರ್ಚಿನಲ್ಲಿ ಹಿಡಿಯುವುದಿಲ್ಲ. ಎರಡೂ ಕಡೆ ಹಿಡಿದರೆ ಒಂದೇ ಸಾಲವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಹಾಗೆಯೇ ಮೂರು ತಿಂಗಳ ಖರ್ಚನ್ನು ನಾಲ್ಕರಿಂದ ಗುಣಿಸಿ ವರ್ಷದ್ದೆಂದು ಬರೆಯಬಾರದು. ವಿಮೆಯಂಥವು ವರ್ಷಕ್ಕೊಮ್ಮೆ ಬರುವುದರಿಂದ, ಬಂದ ತ್ರೈಮಾಸಿಕದಲ್ಲಿ ಖರ್ಚು ಉಬ್ಬಿ, ಬಾರದ ತ್ರೈಮಾಸಿಕಗಳಲ್ಲಿ ಕುಗ್ಗಿ ಕಾಣುತ್ತದೆ.

ಆದುದರಿಂದ ದಯವಿಟ್ಟು “ಎಷ್ಟಾಯಿತು” ಎನ್ನಬೇಡಿ. “ಎಷ್ಟು ವರ್ಷಕ್ಕೆ ಸಾಲುತ್ತದೆ, ಅದರಲ್ಲಿ ನೀವು ಹಾಕಿದ್ದೆಷ್ಟು” ಎಂದು ಕೇಳಿ, ನಾನು ಸಂತೋಷದಿಂದ ಹಾಳೆಯನ್ನೇ ತೋರಿಸುತ್ತೇನೆ. ಎರಡನೆಯ ಭಾಗ ಮುಖ್ಯವಾಗುವುದು ಏಕೆಂದರೆ 40 ಲಕ್ಷದ ಹೂಡಿಕೆಯಲ್ಲಿ ಮಾರುಕಟ್ಟೆ ಶೇ 5 ಅಲುಗಿದರೆ 2 ಲಕ್ಷ ಅತ್ತಿತ್ತ ಆಗುತ್ತದೆ; ನನ್ನ ಮೂರು ತಿಂಗಳ ಉಳಿತಾಯವೆಲ್ಲ ಅದರಲ್ಲಿ ಮರೆಯಾಗಿಬಿಡುತ್ತದೆ. ಮಾರುಕಟ್ಟೆ ನನ್ನ ಕೈಯಲ್ಲಿಲ್ಲ. ಉಳಿತಾಯದ ಪ್ರಮಾಣ ಬಹುಮಟ್ಟಿಗೆ ನನ್ನ ಕೈಯಲ್ಲಿದೆ, ಮತ್ತು ಅದು ಎರಡು ಕಡೆಯಿಂದ ಕೆಲಸ ಮಾಡುತ್ತದೆ: ಹೆಚ್ಚು ಉಳಿಸಿದಷ್ಟೂ ಕೂಡಿಟ್ಟದ್ದು ಬೆಳೆಯುತ್ತದೆ, ವರ್ಷಕ್ಕೆ ಬೇಕಾಗುವ ಖರ್ಚೂ ಕಡಿಮೆಯಾಗುತ್ತದೆ. ಆದಾಯದ ಅರ್ಧವನ್ನು ಉಳಿಸುವವರು ಒಂದು ವರ್ಷ ದುಡಿದರೆ ಒಂದು ವರ್ಷದ ಖರ್ಚು ಕೂಡಿಬೀಳುತ್ತದೆ. ಐದರಲ್ಲಿ ಒಂದು ಪಾಲನ್ನು ಉಳಿಸುವವರು ಅಷ್ಟಕ್ಕೇ ನಾಲ್ಕು ವರ್ಷ ದುಡಿಯಬೇಕು, ಸಂಬಳ ಎಷ್ಟೇ ದೊಡ್ಡದಿರಲಿ.

ಸುಮಾರು ಒಂದು ವರ್ಷದ ನಂತರ ಇನ್ನೊಂದು ತ್ರೈಮಾಸಿಕ ಬಂತು. ಷೇರುಪೇಟೆ ಕುಸಿದು, 1.5 ಲಕ್ಷ ಹಾಕಿದ ಮೇಲೂ ಹೂಡಿಕೆ 49.6 ಲಕ್ಷದಿಂದ 47.2 ಲಕ್ಷಕ್ಕೆ ಇಳಿಯಿತು. ಸಾಲದ ಬಾಕಿಯನ್ನು ಕಳೆದು ಉಳಿಯುತ್ತಿದ್ದ 30.4 ಲಕ್ಷ 28.6ಕ್ಕೆ ಬಂತು. ಅದೇ ಸಹೋದ್ಯೋಗಿ ಈ ಬಾರಿ ಸಮಾಧಾನ ಹೇಳಲು ಬಂದರು. ಚಿಕಿತ್ಸೆ ಮುಗಿದಿದ್ದರಿಂದ ಹಿಂದಿನ 12 ತಿಂಗಳುಗಳ ಖರ್ಚು 5.5ರಿಂದ 5.2 ಲಕ್ಷಕ್ಕೆ ಇಳಿದಿತ್ತು. ಹಾಳೆಯನ್ನು ಅವರ ಕಡೆಗೆ ತಿರುಗಿಸಿ ಕೊನೆಯ ಎರಡು ಸಾಲುಗಳನ್ನು ತೋರಿಸಿದೆ: ಸಾಲುವ ವರ್ಷ, ಆಗಲೂ ಈಗಲೂ ಐದೂವರೆ, ನಡೆಯಬೇಕಾದ ದಾರಿ, 107.1 ಲಕ್ಷದಿಂದ 101.4 ಲಕ್ಷಕ್ಕೆ. ಅವರು ಸ್ವಲ್ಪ ಹೊತ್ತು ನೋಡಿ, ತಮ್ಮ ಮನೆಯ ವರ್ಷದ ಖರ್ಚು ಎಷ್ಟೆಂದು ತಮಗೆ ಗೊತ್ತಿಲ್ಲ ಎಂದರು. ಆ ಸಂಜೆ ಇಬ್ಬರೂ ಕುಳಿತು ಅವರ ಹಿಂದಿನ 12 ತಿಂಗಳುಗಳ ಬ್ಯಾಂಕ್ ವಿವರಗಳನ್ನು ಒಂದೊಂದಾಗಿ ಕೂಡಲು ಆರಂಭಿಸಿದೆವು.