ಬಾಡಿ ಸ್ಟಾರ್ಟ್ಸ್ ಫ್ರಮ್ ರೆಸ್ಟ್

ಮೇ ತಿಂಗಳ ಕೊನೆಯ ಭಾನುವಾರ. ಬೇಲೂರು ತಾಲ್ಲೂಕಿನ ಅಕ್ಕನ ಊರಿಗೆ ಹೋಗಿದ್ದೆ. ಮಧ್ಯಾಹ್ನವೇ ಮಳೆ ಹಿಡಿದಿತ್ತು, ಕರೆಂಟು ಹೋಗಿತ್ತು. ಅಕ್ಕನ ಮಗಳು ಪುಟ್ಟಿ ಜಗುಲಿ ಮೇಲೆ ಫಸ್ಟ್ ಪಿಯುಸಿ ಫಿಸಿಕ್ಸ್ ಪುಸ್ತಕ ಹರವಿಕೊಂಡು ಕೂತಿದ್ದಳು. ಸೆಕೆಂಡ್ ಹ್ಯಾಂಡ್ ಪುಸ್ತಕ. ಮೊದಲು ಓದಿದವರು ಯಾರೋ ಪೆನ್ಸಿಲ್‌ನಲ್ಲಿ ಅಂಚಿನ ತುಂಬ ಗೀಚಿದ್ದರು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ವಿಜ್ಞಾನದಲ್ಲಿ ಒಳ್ಳೆ ಅಂಕ. ಇನ್ನೊಂದು ವಾರಕ್ಕೆ ಹಾಸನದಲ್ಲಿ ಕಾಲೇಜು ಶುರು, ಅಲ್ಲಿ ಎಲ್ಲ ಇಂಗ್ಲಿಷ್. ನಾನೂ ಅದೇ ದಾರಿಯಲ್ಲಿ ಬಂದವನು. ಈಗ ಪಿಯು ಹುಡುಗರಿಗೆ ಫಿಸಿಕ್ಸ್ ಪಾಠ ಹೇಳುತ್ತೇನೆ.

"ಮಾವ, ಇದು ಓದಿ" ಅಂತ ಒಂದು ಲೆಕ್ಕದ ಮೇಲೆ ಬೆರಳಿಟ್ಟಳು. ಎ ಬಾಡಿ ಸ್ಟಾರ್ಟ್ಸ್ ಫ್ರಮ್ ರೆಸ್ಟ್ ಅಂಡ್ ಮೂವ್ಸ್ ವಿತ್ ಯೂನಿಫಾರ್ಮ್ ಆಕ್ಸಲರೇಷನ್.

"ನೀನೇನು ಅರ್ಥ ಮಾಡ್ಕೊಂಡೆ?"

"ಒಂದು ದೇಹ ರೆಸ್ಟ್ ತಗೊಂಡು ಶುರು ಮಾಡುತ್ತೆ. ಆಮೇಲೆ ಯೂನಿಫಾರ್ಮ್ ಹಾಕ್ಕೊಂಡು ಹೋಗುತ್ತೆ."

ಅಕ್ಕ ಒಳಗಿಂದ ಜೋರಾಗಿ ನಕ್ಕಳು. ಪುಟ್ಟಿಗೂ ನಗು ಬಂತು, ಆದರೆ ಕಣ್ಣಲ್ಲಿ ನೀರೂ ಇತ್ತು. ನಾನು ನಗಲಿಲ್ಲ. ಅವಳಿಗೆ ಈ ಲೆಕ್ಕ ಬರುತ್ತದೆ ಅಂತ ನನಗೆ ಗೊತ್ತಿತ್ತು.

ಅಟ್ಟದ ಮೇಲಿಂದ ಅವಳ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಇಳಿಸಿದೆವು. ಜೋಳದ ಚೀಲದ ಧೂಳೆಲ್ಲ ಅದರ ಮೇಲೇ ಇತ್ತು. ಹತ್ತನೇದು ಬೇಡ ಅಂದೆ. ಪಿಯು ಫಿಸಿಕ್ಸ್‌ನಲ್ಲಿ ಅಳತೆಯ ಪಾಠ ಮುಗಿದ ಕೂಡಲೇ ಬರೋದು ಚಲನೆ. ಆ ಪಾಠದ ಬೇರು ಇರೋದು ಒಂಬತ್ತರ 'ಚಲನೆ' ಅಧ್ಯಾಯದಲ್ಲಿ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಕೂತೆವು.

ಮೊದಲು ಆ ವಾಕ್ಯವನ್ನೇ ಬಿಡಿಸಿದೆವು. ಬಾಡಿ ಅಂದರೆ ಇಲ್ಲಿ ಮೈಯಲ್ಲ. ಚಲಿಸುವ ಯಾವ ವಸ್ತುವಾದರೂ ಸರಿ: ಕಲ್ಲು, ಬಸ್ಸು, ತೆಂಗಿನಕಾಯಿ. ಹಳೇ ಕನ್ನಡ ಪುಸ್ತಕಗಳು ಇದಕ್ಕೆ 'ಕಾಯ' ಅಂತಲೇ ಬರೆಯುತ್ತಿದ್ದವು. ಕಾಯಕ್ಕೂ ಮೈ ಅನ್ನೋ ಅರ್ಥ ಇದೆಯಲ್ಲ, ಅಂದರೆ ಕನ್ನಡದವರೂ ಇದೇ ದಾರಿ ಹಿಡಿದಿದ್ದರು. ರೆಸ್ಟ್ ಅಂದರೆ ನಿಶ್ಚಲ ಸ್ಥಿತಿ. ಯೂನಿಫಾರ್ಮ್ ಅಂದರೆ ಏಕರೂಪ.

"ಸ್ಕೂಲ್ ಯೂನಿಫಾರ್ಮ್‌ನ ಯಾಕೆ ಹಾಗಂತಾರೆ ಹೇಳು?"

ಸ್ವಲ್ಪ ಹೊತ್ತು ಯೋಚಿಸಿದಳು. "ಎಲ್ಲರದ್ದೂ ಒಂದೇ ಥರ ಇರುತ್ತೆ ಅಂತ."

"ಇಲ್ಲೂ ಅಷ್ಟೇ. ಪ್ರತಿ ಸೆಕೆಂಡಿಗೂ ವೇಗ ಒಂದೇ ಥರ, ಒಂದೇ ಅಳತೆಯಲ್ಲಿ ಬದಲಾಗುತ್ತೆ."

ಲೆಕ್ಕ ಹೀಗಿತ್ತು: ಆಕ್ಸಲರೇಷನ್ 2 m/s², ಸಮಯ 5 ಸೆಕೆಂಡು, ಫೈನಲ್ ವೆಲಾಸಿಟಿ ಮತ್ತು ಡಿಸ್‌ಪ್ಲೇಸ್‌ಮೆಂಟ್ ಎಷ್ಟು? ವಾಕ್ಯ ಬಿಡಿಸಿದ ಮೇಲೆ ಪುಟ್ಟಿಗೆ ನನ್ನ ಅಗತ್ಯವೇ ಬೀಳಲಿಲ್ಲ. ನಿಶ್ಚಲ ಸ್ಥಿತಿಯಿಂದ ಹೊರಟಿದೆ, ಹಾಗಾಗಿ u = 0. ಮುಂದೆ ಸರಸರ ಬರೆದಳು:

v = u + at = 0 + 2 × 5 = 10 m/s

s = ut + ½at² = 0 + ½ × 2 × 25 = 25 m

ಕನ್ನಡ ಪುಸ್ತಕದಲ್ಲೂ ಸೂತ್ರದ ಅಕ್ಷರಗಳು ಇವೇ. u, v, a, s, t. ಆರಂಭಿಕ ವೇಗ, ಅಂತಿಮ ವೇಗ ಅಂತ ಬಾಯಲ್ಲಿ ಹೇಳಿಕೊಂಡರೂ ಕೈ ಬರೆಯೋದು u ಮತ್ತು v. ಇನಿಷಿಯಲ್ ವೆಲಾಸಿಟಿ ಅಂದ ಕೂಡಲೇ u ಅಂತ ಬರೆದುಕೊಳ್ಳಬೇಕು, ನಡುವೆ ಕನ್ನಡಕ್ಕೆ ತಿರುಗಿಸೋದೂ ಬೇಡ. ಹಾಗೇ 'ಫ್ರಮ್ ರೆಸ್ಟ್' ಅಂದರೆ u ಸೊನ್ನೆ, 'ಕಮ್ಸ್ ಟು ರೆಸ್ಟ್' ಅಂದರೆ v ಸೊನ್ನೆ. ಕನ್ನಡ ಮಾಧ್ಯಮದ ಮಕ್ಕಳನ್ನು ಪರೀಕ್ಷೆಯಲ್ಲಿ ಕೆಡವೋದು ಆಕ್ಸಲರೇಷನ್ ಥರದ ದೊಡ್ಡ ಪದಗಳಲ್ಲ. ಅವನ್ನು ಹೇಗೋ ಉರು ಹೊಡೆಯುತ್ತಾರೆ. ಈ ಎರಡು ಮೂರು ಪದಗಳ ಸಣ್ಣ ತುಂಡುಗಳೇ ಕಾಟ ಕೊಡೋದು.

ಹೊಸ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯೋಕೆ ಹೇಳಿದೆ. ಒಂದರಲ್ಲಿ ಕನ್ನಡ ಪದ, ಎರಡರಲ್ಲಿ ಇಂಗ್ಲಿಷ್, ಮೂರನೆಯದರಲ್ಲಿ ಅವಳು ಕಣ್ಣಾರೆ ಕಂಡ ಒಂದು ಸಂಗತಿ. ಎರಡೇ ಕಾಲಂ ಇದ್ದರೆ ಅದು ಬರೀ ಡಿಕ್ಷನರಿ. ಯಾಕೆ ಸಾಲದು ಅನ್ನೋದು ಮುಂದಿನ ಪದಕ್ಕೇ ಗೊತ್ತಾಯಿತು.

ಜವ, ಸ್ಪೀಡ್. ವೇಗ, ವೆಲಾಸಿಟಿ. ಪುಟ್ಟಿ ಅಚ್ಚುಕಟ್ಟಾಗಿ ಬರೆದಳು. ತಪ್ಪೇನಿಲ್ಲ. ಆದರೆ ಜವ ಅನ್ನೋ ಪದವನ್ನು ವಿಜ್ಞಾನದ ಪುಸ್ತಕ ಬಿಟ್ಟು ಎಲ್ಲಾದರೂ ಕೇಳಿದ್ದೀರಾ? 'ಬಸ್ಸು ಎಂಬತ್ತರ ವೇಗದಲ್ಲಿತ್ತು' ಅಂತಲೇ ನಾವೆಲ್ಲ ಹೇಳೋದು, ಪೇಪರಿನವರು ಬರೆಯೋದೂ ಹಾಗೇ. ಅದು ನಿಜವಾಗಿ ಜವ. ಹಾಗಾಗಿ ಮನೆಯ ವೇಗವೇ ಬೇರೆ, ಪಾಠದ ವೇಗವೇ ಬೇರೆ. ನಾನು ಫಸ್ಟ್ ಪಿಯುಸಿಯ ಮೊದಲ ಟೆಸ್ಟಿನಲ್ಲಿ ಆವರೇಜ್ ವೆಲಾಸಿಟಿ ಕೇಳಿದರೆ ಒಟ್ಟು ದೂರವನ್ನು ಸಮಯದಿಂದ ಭಾಗಿಸಿ ಬಂದಿದ್ದೆ. ನಾಲ್ಕು ಅಂಕ ಹೋಯಿತು. ಯಾಕೆ ಹೋಯಿತು ಅಂತ ತಿಳಿಯೋಕೆ ಒಂದು ತಿಂಗಳು ಬೇಕಾಯಿತು.

"ಡೈರಿಗೆ ಹಾಲು ಹಾಕೋಕೆ ಹೋಗ್ತೀಯಲ್ಲ, ದಾರಿ ಹೇಳು" ಅಂದೆ.

ಮನೆಯಿಂದ ಬಸವಣ್ಣನ ಗುಡಿಯವರೆಗೆ ನೇರ ರಸ್ತೆ, ಪೂರ್ವಕ್ಕೆ. ಸುಮಾರು 400 ಮೀಟರ್ ಅಂತ ಇಟ್ಟುಕೊಂಡೆವು. ಗುಡಿ ಹತ್ತಿರ ಎಡಕ್ಕೆ ತಿರುಗಿ ಉತ್ತರಕ್ಕೆ 300 ಮೀಟರ್. ಹೋಗೋಕೆ 10 ನಿಮಿಷ. ಕ್ಯಾನು ಹಿಡಿದು ನಡೆದ ದಾರಿ 700 ಮೀಟರ್, ಅದು ದೂರ, ಡಿಸ್ಟೆನ್ಸ್. ಮನೆಯಿಂದ ಡೈರಿಗೆ ಗದ್ದೆ ಮೇಲೆ ಹಗ್ಗ ಎಳೆದರೆ? ಮುನ್ನೂರು, ನಾನೂರು ಅಂದ ಕೂಡಲೇ ಪೈಥಾಗೊರಸ್ ಅವಳಿಗೆ ನೆನಪಾಯಿತು. 500 ಮೀಟರ್. ಆ ಹಗ್ಗ, ಅದರ ದಿಕ್ಕೂ ಸೇರಿ, ಸ್ಥಾನಪಲ್ಲಟ.

ಇಲ್ಲಿ ಕನ್ನಡ ಪದ ಇಂಗ್ಲಿಷಿಗಿಂತ ಸಲೀಸು. ಸ್ಥಾನ ಎಷ್ಟು ಪಲ್ಲಟವಾಯಿತು ಅಂತ ಪದವೇ ಬಾಯಿಬಿಟ್ಟು ಹೇಳುತ್ತದೆ. ಡಿಸ್‌ಪ್ಲೇಸ್‌ಮೆಂಟ್ ಒಳಗೂ ಪ್ಲೇಸ್ ಇದೆ ಅಂತ ತೋರಿಸಿದೆ. ಪುಟ್ಟಿ ಆ ಭಾಗದ ಕೆಳಗೆ ಗೆರೆ ಹಾಕಿಕೊಂಡಳು.

700 ಮೀಟರನ್ನು 600 ಸೆಕೆಂಡಿನಿಂದ ಭಾಗಿಸಿದರೆ ಸರಾಸರಿ ಜವ, ಸೆಕೆಂಡಿಗೆ ಸುಮಾರು 1.17 ಮೀಟರ್. 500ನ್ನು ಭಾಗಿಸಿದರೆ ಸರಾಸರಿ ವೇಗ, ಸುಮಾರು 0.83 ಮೀಟರ್, ಅದಕ್ಕೊಂದು ದಿಕ್ಕು.

"ಹಾಲು ಹಾಕಿ ಅದೇ ದಾರೀಲಿ ವಾಪಸ್ ಬಂದೆ. ಇನ್ನೊಂದು ಹತ್ತು ನಿಮಿಷ. ಈಗ ಹೇಳು."

ದೂರ 1400, ಸಮಯ 1200. ಜವ ಮತ್ತೆ ಅದೇ 1.17. ವೇಗಕ್ಕೆ ಬಂದಾಗ ಪೆನ್ನು ನಿಂತಿತು.

"ಸ್ಥಾನಪಲ್ಲಟ ಸೊನ್ನೆ... ಹಂಗಾದ್ರೆ ಸರಾಸರಿ ವೇಗ ಸೊನ್ನೆನಾ? ನಾನು ಅಷ್ಟು ದೂರ ನಡೆದಿದ್ದೀನಲ್ಲ ಮಾವ!"

"ನಡೆದಿದ್ದೀಯ. ಆದ್ರೆ ಹೊರಟಲ್ಲಿಗೇ ಬಂದಿದ್ದೀಯ."

ಮೂರನೇ ಕಾಲಂನಲ್ಲಿ 'ಡೈರಿಗೆ ಹೋಗಿ ಬಂದೆ, ವೆಲಾಸಿಟಿ ಸೊನ್ನೆ' ಅಂತ ಬರೆದುಕೊಂಡಳು. ನಾನೂ ಒಂದು ಸಾಲು ಸೇರಿಸಿದೆ: ಬಸ್ಸಿನ ಡ್ರೈವರ್ ಮುಂದಿರೋದು ಸ್ಪೀಡೋಮೀಟರ್. ಅದು ಜವ ಮಾತ್ರ ತೋರಿಸುತ್ತದೆ, ದಿಕ್ಕು ಅದಕ್ಕೆ ಗೊತ್ತಿಲ್ಲ.

ಅಷ್ಟರಲ್ಲಿ ಅಕ್ಕ ಕಾಫಿ, ಹಲಸಿನ ಹಪ್ಪಳ ತಂದಳು. ಮಳೆ ಕಡಿಮೆಯಾಗಿತ್ತು.

ಜಾಸ್ತಿ ಹೊತ್ತು ಹಿಡಿದದ್ದು ವೇಗೋತ್ಕರ್ಷ, ಅಂದರೆ ಆಕ್ಸಲರೇಷನ್. ಸ್ಥಾನಪಲ್ಲಟದಲ್ಲಿ ನೆರವಿಗೆ ಬಂದ ಕನ್ನಡ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಉತ್ಕರ್ಷ ಅಂದರೆ ಏಳಿಗೆ, ಏರಿಕೆ. ಹಾಗಾಗಿ ವೇಗ ಏರಿದರೆ ಮಾತ್ರ ವೇಗೋತ್ಕರ್ಷ ಅಂತ ಮನಸ್ಸಿಗೆ ಕೂತುಬಿಡುತ್ತದೆ. ಇಂಗ್ಲಿಷೂ ಏನು ಕಮ್ಮಿಯಿಲ್ಲ, ಬೈಕಿನ ಆಕ್ಸಲರೇಟರ್ ನೋಡಿದವರು ಹಾಗೇ ಅಂದುಕೊಳ್ಳುತ್ತಾರೆ. ಫಿಸಿಕ್ಸ್‌ನಲ್ಲಿ ವೇಗ ಬದಲಾಗುವ ದರವೇ ಆಕ್ಸಲರೇಷನ್. ಏರಿದರೂ, ಇಳಿದರೂ, ಬರೀ ದಿಕ್ಕು ಬದಲಾದರೂ ಅದೇ ಹೆಸರು. ಬ್ರೇಕ್ ಹಾಕಿದಾಗ ಇರೋದು ಋಣ ವೇಗೋತ್ಕರ್ಷ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮುಳ್ಳು ಇಪ್ಪತ್ತರಲ್ಲೇ ನಿಂತಿದ್ದರೂ ಮೈ ಪಕ್ಕಕ್ಕೆ ವಾಲುತ್ತದಲ್ಲ, ಅಲ್ಲಿ ಜವ ಬದಲಾಗಿಲ್ಲ, ವೇಗ ಬದಲಾಗಿದೆ.

ಅಂಗಳದಲ್ಲಿ ಬಿದ್ದಿದ್ದ ಅಡಿಕೆಯೊಂದನ್ನು ನೇರ ಮೇಲಕ್ಕೆ ಎಸೆದು ಹಿಡಿದೆ.

"ತುತ್ತತುದಿಯಲ್ಲಿ ಇದರ ವೇಗ ಎಷ್ಟು?"

"ಸೊನ್ನೆ."

"ವೇಗೋತ್ಕರ್ಷ?"

"ಅದೂ ಸೊನ್ನೆ. ವೇಗನೇ ಇಲ್ವಲ್ಲ, ಉತ್ಕರ್ಷ ಎಲ್ಲಿಂದ ಬರುತ್ತೆ?"

ನೋಡಿ, ಪದದ ಮೇಲೆ ಭಾರ ಹಾಕಿದ್ದಕ್ಕೆ ಬಂದ ಉತ್ತರ ಇದು. ಈ ತಪ್ಪನ್ನು ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಮಾಡುತ್ತಾರೆ, ಪ್ರತಿ ವರ್ಷ ನೋಡುತ್ತೇನೆ.

"ಸರಿ. ವೇಗ ಸೊನ್ನೆ, ವೇಗ ಬದಲಾಗೋದೂ ಸೊನ್ನೆ ಅಂತಾದ್ರೆ ಮುಂದಿನ ಕ್ಷಣ ಅಡಿಕೆ ಏನ್ಮಾಡಬೇಕು?"

ಅಡಿಕೆಯನ್ನು ನನ್ನ ಕೈಯಿಂದ ತಗೊಂಡು ತಾನೇ ಎಸೆದಳು. ಹಿಡಿಯೋಕೆ ಆಗಲಿಲ್ಲ, ಕೆಸರಿಗೆ ಬಿತ್ತು. ಇನ್ನೊಮ್ಮೆ ಎಸೆದಳು.

"ಅಲ್ಲೇ ನಿಂತುಬಿಡಬೇಕು" ಅಂದಳು ನಿಧಾನಕ್ಕೆ. "ನಿಲ್ಲಲ್ಲ. ಅಂದ್ರೆ ತುದೀಲೂ ಇದೆ."

ಇದೆ. ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ ಹತ್ತುವಾಗ, ತುದಿಯಲ್ಲಿ, ಇಳಿಯುವಾಗ ಎಲ್ಲ ಕಡೆ ಅದೇ 9.8 m/s², ಕೆಳಮುಖವಾಗಿ. ಮೂರನೇ ಕಾಲಂಗೆ ಅಡಿಕೆಯ ಚಿತ್ರ ಬಂತು, ಮೂರು ಜಾಗದಲ್ಲಿ ಕೆಳಕ್ಕೆ ಮೂರು ಬಾಣ, ಮೂರೂ ಒಂದೇ ಉದ್ದ.

ಕತ್ತಲಾಗುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಾಲು ಇತ್ತು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿಸಿದೆ. ಬರೆದದ್ದು ಗುರುತು ಸಿಕ್ಕರೂ ಲೆಕ್ಚರರ್ ಬಾಯಲ್ಲಿ ಕೇಳಿದಾಗ ಸಿಗೋದಿಲ್ಲ, ಅದಕ್ಕೆ. 'ವಿ ಸ್ಕ್ವೇರ್ ಮೈನಸ್ ಯು ಸ್ಕ್ವೇರ್ ಈಕ್ವಲ್ಸ್ ಟು ಟೂ ಎ ಎಸ್' ಅಂತ ಅವಳು ಮಗ್ಗಿ ಥರ ಹೇಳುವಾಗ ಅಕ್ಕ ದೇವರಿಗೆ ದೀಪ ಹಚ್ಚುತ್ತಿದ್ದಳು.

ಕಾಲೇಜು ಶುರುವಾದ ಎರಡನೇ ವಾರ ಫೋನ್ ಬಂತು.

"ಮಾವ, ಲ್ಯಾಬಲ್ಲಿ ಲೀಸ್ಟ್ ಕೌಂಟ್ ಬರೀರಿ ಅಂದ್ರು. ಕನ್ನಡದಲ್ಲಿ ಏನು?"

ನನಗೆ ತಟ್ಟನೆ ಹೊಳೆಯಲಿಲ್ಲ. ಆ ಪದ ನಾನು ಕಲಿತದ್ದೇ ಇಂಗ್ಲಿಷಿನಲ್ಲಿ. "ಒಂದು ಸಾಧನದಿಂದ ಅಳೆಯೋಕಾಗೋ ಅತಿ ಚಿಕ್ಕ ಅಳತೆ ಕಣೇ. ನಿನ್ನ ಸ್ಕೇಲಿನಲ್ಲಿ ಒಂದು ಮಿಲಿಮೀಟರ್. ಲ್ಯಾಬಿನ ವರ್ನಿಯರ್‌ನಲ್ಲಿ ಸಾಮಾನ್ಯವಾಗಿ 0.1 ಮಿಲಿಮೀಟರ್."

"ಹಂಗಾದ್ರೆ ಮೊದಲನೇ ಕಾಲಂ ಖಾಲಿ ಬಿಡ್ಲಾ?"

"ಬಿಡು. ಮೂರನೇದ್ರಲ್ಲಿ ಏನು ಬರೀತೀಯ?"

"ಹಾಸ್ಟೆಲ್ಲಿನ ಚಪಾತಿ ದಪ್ಪ ಅಳೆದು ಬರೀತೀನಿ" ಅಂದಳು.