ನಾಲ್ಕೇ ಸಾಲಿಗೆ ಅರ್ಧ ದಿನ ಯಾಕೆ?

"ಮ್ಯೂಸಿಯಂ ಲೇಬಲ್‌ನಲ್ಲಿ ಇರೋದೇ ನಾಲ್ಕು ಸಾಲು. ನಿಮಗೆ ಇಟಾಲಿಯನ್ನೂ ಬರುತ್ತೆ, ಇಂಗ್ಲಿಷೂ ಬರುತ್ತೆ. ಮತ್ತೆ ಅನುವಾದಕ್ಕೆ ಅಷ್ಟು ಹೊತ್ತು ಯಾಕೆ?"

ಮ್ಯೂಸಿಯಂ ಲೇಬಲ್, ಆಡಿಯೋ ಗೈಡ್‌ಗಳನ್ನು ಇಟಾಲಿಯನ್‌ನಿಂದ ಇಂಗ್ಲಿಷಿಗೆ ತರುವ ನನಗೆ ಎದುರಾಗುವ ಪ್ರಶ್ನೆ ಇದು. ಸುಲಭವಾಗಿ ಕಾಣುವ ಪದಗಳೇ ಜಾಸ್ತಿ ಹೊತ್ತು ತಿನ್ನುತ್ತವೆ. ಇಟಲಿಯ ಫ್ಲಾರೆನ್ಸ್‌ನ ಉಫಿಟ್ಸಿ ಮ್ಯೂಸಿಯಂನಲ್ಲಿರುವ, ಹಳೆಯ ಕಾಲದ ಕಲಾವಿದ ಜೊತ್ತೊನ ಚಿತ್ರವನ್ನೇ ತೆಗೆದುಕೊಳ್ಳಿ. ಓನ್ಯಿಸ್ಸಾಂತಿ ಚರ್ಚಿಗಾಗಿ ಬರೆದದ್ದು, ಎತ್ತರ 3 ಮೀಟರಿಗೂ ಜಾಸ್ತಿ. ಸಿಂಹಾಸನದ ಮೇಲೆ ಮೇರಿ, ತೊಡೆಯ ಮೇಲೆ ಮಗು, ಸುತ್ತಲೂ ದೇವದೂತರು, ಸಂತರು.

ಇಂಥ ಚಿತ್ರದ ಲೇಬಲ್‌ನಲ್ಲಿ 'ತಾವೊಲಾ' ಎಂದು ಇರುತ್ತದೆ. ಮನೆಮಾತಿನಲ್ಲಿ ಅದು ಊಟದ ಮೇಜು. ಇಲ್ಲಿ ಮಾತ್ರ ಚಿತ್ರ ಬರೆದ ಮರದ ಹಲಗೆ, ಇಂಗ್ಲಿಷಿನಲ್ಲಿ 'ಪ್ಯಾನೆಲ್'. ಇದು ಬೇಗ ಕಣ್ಣಿಗೆ ಬೀಳುವ ತಪ್ಪು, ಬಿಡಿ. ಕಾಲ ಹೇಳುವ ಪದ ಹಾಗಲ್ಲ. 'ತ್ರೆಚೆಂತೊ' ಎಂದರೆ ಪದಶಃ ಮುನ್ನೂರು. ಕಲೆಯ ಮಾತಿನಲ್ಲಿ ಅದು 1300ರಿಂದ ಶುರುವಾಗುವ ನೂರು ವರ್ಷ, ಅಂದರೆ 14ನೇ ಶತಮಾನ. ಆ ಪದದಲ್ಲಿ ಮೂರು ಕೇಳಿಸುವುದರಿಂದ ಕೈ ತಾನಾಗಿ '13ನೇ ಶತಮಾನ' ಎಂದು ಬರೆದುಬಿಡುತ್ತದೆ. ನಾನೇ ಶುರುವಿನಲ್ಲಿ ಒಮ್ಮೆ ಹಾಗೆ ಬರೆದಿದ್ದೆ. ವಾಕ್ಯ ಚೆನ್ನಾಗಿಯೇ ಓದಿಸಿಕೊಳ್ಳುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಈಗ ಶತಮಾನದ ಹೆಸರು ಬಂದ ಕಡೆಯೆಲ್ಲ ಮೊದಲು ಇಸವಿಯನ್ನು ಅಂಕಿಯಲ್ಲಿ ಬರೆದುಕೊಳ್ಳುತ್ತೇನೆ. ಪಕ್ಕದಲ್ಲೇ ಕಲಾವಿದ ತೀರಿಕೊಂಡ ವರ್ಷ ಇಡುತ್ತೇನೆ. ಜೊತ್ತೊ ತೀರಿಕೊಂಡದ್ದು 1337ರಲ್ಲಿ. ಎರಡನ್ನೂ ಒಟ್ಟಿಗೆ ನೋಡಿದರೆ ಎಡವಟ್ಟು ತಕ್ಷಣ ಗೊತ್ತಾಗುತ್ತದೆ.

ಆಡಿಯೋ ಗೈಡ್‌ನ ಕಷ್ಟ ಬೇರೆ. ಲೇಬಲ್ ಓದುವವರು ಹಿಂದಿನ ಸಾಲಿಗೆ ಮತ್ತೆ ಹೋಗಬಹುದು. ಕೇಳುವವರ ಕಣ್ಣು ಚಿತ್ರದ ಮೇಲಿರುತ್ತದೆ, ದಾಟಿಹೋದ ಮಾತು ಹೋಯಿತು. ಇಟಾಲಿಯನ್ ಬರಹಗಾರರು ಒಂದೇ ಉದ್ದ ವಾಕ್ಯದಲ್ಲಿ ಹೂವು, ಅದರ ಅರ್ಥ, ಹಿಡಿದ ದೇವದೂತರು ಎಲ್ಲವನ್ನೂ ತುಂಬುತ್ತಾರೆ. ಅವರ ಭಾಷೆಗೆ ಅದು ಸಹಜ, ಚೆಂದವೂ ಹೌದು. ಇಂಗ್ಲಿಷಿನಲ್ಲಿ ನಾನು ಅದನ್ನು ಬಿಡಿಸುತ್ತೇನೆ. ಮೊದಲು ಜಾಗ: ಸಿಂಹಾಸನದ ಬುಡದಲ್ಲಿ ಮಂಡಿಯೂರಿದ ಇಬ್ಬರು ದೇವದೂತರನ್ನು ನೋಡಿ. ಆಮೇಲೆ ಅವರ ಕೈಯಲ್ಲಿರುವ ಹೂದಾನಿ, ಅದರಲ್ಲಿನ ಲಿಲ್ಲಿ ಮತ್ತು ಗುಲಾಬಿ. ಒಂದು ಉಸಿರಿನಷ್ಟು ಬಿಡುವು. ಅರ್ಥ ಕೊನೆಗೆ: ಬಿಳಿ ಲಿಲ್ಲಿ ಮೇರಿಯ ಪರಿಶುದ್ಧತೆಯ ಗುರುತು.

'ಮೇರಿಯ ಬಲಕ್ಕೆ' ಎಂಬ ಮಾತು ಬಂದರೆ ಅಲ್ಲೇ ನಿಲ್ಲುತ್ತೇನೆ. ನಮ್ಮ ಕಡೆ ಮುಖ ಮಾಡಿ ಕೂತವಳ ಬಲ ಅಂದರೆ ನೋಡುವವರ ಎಡ, ಅಲ್ವಾ? ಬರೆದವರು ಯಾರ ಬಲ ಹೇಳುತ್ತಿದ್ದಾರೆ ಎಂದು ವಾಕ್ಯದಿಂದ ಗೊತ್ತಾಗುವುದಿಲ್ಲ. ಚಿತ್ರ ನೋಡಿಯೇ ತೀರ್ಮಾನಿಸಿ, 'ನಿಮ್ಮ ಎಡಕ್ಕೆ' ಎಂದು ಬರೆಯುತ್ತೇನೆ.

ಕೊನೆಗೆ ಚಿತ್ರವನ್ನು ಎದುರಿಗಿಟ್ಟುಕೊಂಡು, ಗಡಿಯಾರ ನೋಡುತ್ತಾ ಗಟ್ಟಿಯಾಗಿ ಓದುತ್ತೇನೆ. ನಿಮಿಷಕ್ಕೆ ಸುಮಾರು 130 ಇಂಗ್ಲಿಷ್ ಪದ ನನ್ನ ಲೆಕ್ಕ. ನನ್ನ ಕಣ್ಣು ಹೂದಾನಿ ಹುಡುಕುವ ಮೊದಲೇ ಬಾಯಿ ಪರಿಶುದ್ಧತೆಗೆ ಹೋಗಿದ್ದರೆ, ಆ ಸಾಲನ್ನು ಮತ್ತೆ ಬರೆಯುತ್ತೇನೆ.